ಕವರಿಂಗ್ ಮೇಲ್‌ನಲ್ಲಿ ಎಷ್ಟು ವಿನಯ ಬೇಕು?

‘ಅತಿ ವಿನಯಂ ಧೂರ್ತ ಲಕ್ಷಣಂ’ ಎಂಬ ಮಾತನ್ನು ನಾನು ಬೇರೆಯವರಿಗೆ ಹೇಳಿದ್ದೇ ಹೆಚ್ಚು. ಆದರೆ ಸಾರ್ವಜನಿಕ ವಲಯದ ಕಚೇರಿಯೊಂದರಿಂದ ಕೊಟೇಶನ್ ಕೇಳಿ ಮೇಲ್ ಬಂತೆಂದರೆ ಸಾಕು, ನನ್ನ ಬೆರಳುಗಳೇ ಕೈಮುಗಿದು ನಿಲ್ಲುತ್ತವೆ. “ತಮ್ಮಂಥ ಪ್ರತಿಷ್ಠಿತ ಸಂಸ್ಥೆಯ ಸೇವೆ ಮಾಡುವುದೇ ನಮ್ಮ ಭಾಗ್ಯ” ಎಂದು ಶುರು ಮಾಡಿ, “ತಾವು ಒಂದು ಮಾತು ಹೇಳಿದರೆ ದರದಲ್ಲಿ ಇನ್ನೂ ಸ್ವಲ್ಪ ನೋಡೋಣ” ಎಂದು ಮುಗಿಸುವ ಚಪಲ ಇವತ್ತಿಗೂ ಪೂರ್ತಿ ಹೋಗಿಲ್ಲ. ಮೊದಲನೆಯ ಸಾಲು ಬರೀ ಕಸ, ಓದುವವರು ದಾಟಿಕೊಂಡು ಹೋಗುತ್ತಾರೆ. ಎರಡನೆಯದು ವಿಷ.

ಏಕೆ ಅಂತೀರಾ? ನಮ್ಮ ಮೇಲ್ ಓದುವವರು ಮೊದಲು ಸಾಹೇಬರಲ್ಲ, ಆ ಕಡತ ನೋಡಿಕೊಳ್ಳುವ ಕೇಸ್ ವರ್ಕರ್. ಅವರು ಬಂದ ಕೊಟೇಶನ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸಿ, ದರಗಳ ತುಲನಾ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಒಬ್ಬ ಸರಬರಾಜುದಾರನ ಹೆಸರಿನ ಮುಂದೆ ಒಂದೇ ಒಂದು ಅಂಕಿಗೆ ಜಾಗ. “ಸ್ವಲ್ಪ ನೋಡೋಣ” ಎಂಬುದನ್ನು ಅವರು ಯಾವ ಕಾಲಮ್ಮಿಗೆ ಹಾಕಬೇಕು? ದರ ಖಚಿತವಿಲ್ಲ ಎಂದು ಒಂದು ಟಿಪ್ಪಣಿ ಬಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯಿತು. ಒಂದು ವೇಳೆ ಅವರು ನಮ್ಮನ್ನು ಕರೆದು ಕಡಿಮೆ ಮಾಡಿಸಿದರೆ, ಉಳಿದ ಇಬ್ಬರು ‘ನಮ್ಮನ್ನೇಕೆ ಕೇಳಲಿಲ್ಲ’ ಎಂದು ತಕರಾರು ತೆಗೆಯಬಹುದು, ಆಡಿಟ್ ಕೂಡ ಅದನ್ನೇ ಕೇಳುತ್ತದೆ. ಉಪಕಾರ ಮಾಡಲು ಹೋಗಿ ಅವರ ಕುತ್ತಿಗೆಗೆ ಹಗ್ಗ ಕೊಟ್ಟ ಹಾಗಾಗುತ್ತದೆ. ಧೂರ್ತ ಎಂಬ ಪದ ಇಲ್ಲಿ ಸುಮ್ಮನೆ ಬಂದದ್ದಲ್ಲ. ಬಾಗಿಲು ಅರ್ಧ ತೆರೆದಿಟ್ಟು ಒಳಗೆ ಬೇರೆ ಮಾತಿದೆ ಎಂದು ಸೂಚಿಸುವವನನ್ನು ನಂಬುವುದು ಹೇಗೆ? ಕೊಡುವ ದರ ಕಡಿಮೆ ಮಾಡಬಹುದಾದರೆ ಇವತ್ತೇ ಮಾಡಿ, ಅದನ್ನೇ ಬರೆ. ಇದನ್ನು ನನಗೆ ನಾನೇ ಗದರಿಕೊಂಡು ಹೇಳುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೇಂದ್ರ ಸರ್ಕಾರದ ಉದ್ಯಮವೊಂದರ ಪ್ರಾದೇಶಿಕ ಕಚೇರಿಗೆ ಯುಪಿಎಸ್‌ನ 16 ಬ್ಯಾಟರಿ ಬದಲಾಯಿಸಬೇಕು, ಹಳೆಯವನ್ನು ಬೈಬ್ಯಾಕ್‌ನಲ್ಲಿ ಕೊಡುತ್ತಾರೆ. ದರ 90 ದಿನ ಮಾನ್ಯವಾಗಿರಬೇಕು, ಹಣ ಸರಬರಾಜು ಮತ್ತು ಅಳವಡಿಕೆ ಆದ ಮೇಲೆ, ಕೊನೆಯ ಸಮಯ ಶುಕ್ರವಾರ ಮಧ್ಯಾಹ್ನ 3 ಗಂಟೆ, ಮೇಲ್ ಮೂಲಕ ಕಳಿಸಬಹುದು ಎಂದು ಆಹ್ವಾನದಲ್ಲಿದೆ. ನಮ್ಮ ಕೊಟೇಶನ್ ಫಾರ್ಮು ಬಹಳ ಕಾಲದಿಂದ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಬ್ಯಾಟರಿ ಒಂದಕ್ಕೆ 4,500 ರೂಪಾಯಿಯಂತೆ 72,000, ಹಳೆಯದಕ್ಕೆ 800ರಂತೆ 12,800 ವಜಾ, ಮೇಲೆ ಜಿಎಸ್‌ಟಿ ಎಂದು ತುಂಬಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸುತ್ತೇವೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ? ‘ದರ 15 ದಿನ ಮಾತ್ರ ಮಾನ್ಯ. ಶೇ. 50 ಮುಂಗಡ.’ ಮೇಲ್‌ನಲ್ಲಿ “ನಿಮ್ಮ ಎಲ್ಲ ಷರತ್ತುಗಳಿಗೆ ಒಪ್ಪಿಗೆ” ಎಂದು ಬರೆದು, ಲಗತ್ತಿನಲ್ಲಿ ಅದೇ ಷರತ್ತುಗಳನ್ನು ತಳ್ಳಿಹಾಕಿದ್ದೇವೆ. ಷರತ್ತುಬದ್ಧ ಕೊಟೇಶನ್ ಎಂದು ಪಕ್ಕಕ್ಕಿಡಲು ಅಷ್ಟು ಸಾಕು. ಇದನ್ನು ಹಿಡಿಯುವ ಉಪಾಯ ಒಂದೇ: ಕಳಿಸುವ ಮುನ್ನ ಆಹ್ವಾನವನ್ನೂ ನಮ್ಮ ಲಗತ್ತನ್ನೂ ಅಕ್ಕಪಕ್ಕ ಇಟ್ಟು, ಮಾನ್ಯತೆ, ಪಾವತಿ, ಸರಬರಾಜಿನ ಅವಧಿ, ವಾರಂಟಿ, ಈ ನಾಲ್ಕು ಸಾಲನ್ನು ಬೆರಳಿಟ್ಟು ಓದುವುದು.

ಇನ್ನು ಮೇಲ್ ಹೀಗಿದ್ದರೆ ಸಾಕು. ಕೇಂದ್ರದ ಕಚೇರಿಗಳಿಗೆ ನಾವು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯುತ್ತೇವೆ, ರಾಜ್ಯದ ಕಚೇರಿಗೆ ಕನ್ನಡ ಚೆಂದ. ಕ್ರಮ ಮಾತ್ರ ಎರಡಕ್ಕೂ ಒಂದೇ.

“ವಿಷಯ: ಯುಪಿಎಸ್ ಬ್ಯಾಟರಿ ಸರಬರಾಜು ಮತ್ತು ಅಳವಡಿಕೆಗೆ ದರಪಟ್ಟಿ ಸಲ್ಲಿಕೆ – ಸಂಸ್ಥೆಯ ಹೆಸರು.
ಉಲ್ಲೇಖ: ತಮ್ಮ ದರಪಟ್ಟಿ ಆಹ್ವಾನ ಸಂಖ್ಯೆ …, ದಿನಾಂಕ …
ಮಾನ್ಯರೇ,
ಉಲ್ಲೇಖಿತ ಆಹ್ವಾನದಂತೆ ನಮ್ಮ ದರಪಟ್ಟಿಯನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸುತ್ತಿದ್ದೇವೆ. ದರಗಳು ಕೊನೆಯ ದಿನಾಂಕದಿಂದ 90 ದಿನ ಮಾನ್ಯವಾಗಿರುತ್ತವೆ. ಆಹ್ವಾನದ ಷರತ್ತುಗಳನ್ನು ಯಾವುದೇ ಬದಲಾವಣೆಯಿಲ್ಲದೆ ಒಪ್ಪಿದ್ದೇವೆ. ಲಗತ್ತುಗಳ ಪಟ್ಟಿ ಕೆಳಗಿದೆ. ಈ ಮೇಲ್ ತಲುಪಿದ್ದನ್ನು ದಯವಿಟ್ಟು ತಿಳಿಸಲು ಕೋರುತ್ತೇವೆ.
ತಮ್ಮ ವಿಶ್ವಾಸಿ,”

ಕೆಳಗೆ ಸಹಿ ಮಾಡಿದವರ ಹೆಸರು, ಹುದ್ದೆ, ಸಂಸ್ಥೆ, ಫೋನ್, ಜಿಎಸ್‌ಟಿ ಸಂಖ್ಯೆ. ಉಲ್ಲೇಖದ ಸಂಖ್ಯೆಯನ್ನು ಆಹ್ವಾನದಲ್ಲಿದ್ದಂತೆಯೇ, ಓರೆಗೆರೆಯೂ ತಪ್ಪದಂತೆ, ನಕಲು ಮಾಡಿ. ಕಡತ ಹುಡುಕುವವರು ಆ ಸಂಖ್ಯೆಯಿಂದಲೇ ಹುಡುಕುತ್ತಾರೆ. ದರವನ್ನು ಮೇಲ್‌ನಲ್ಲಿ ಮತ್ತೆ ಬರೆಯಬೇಡಿ. ಮೇಲ್‌ನಲ್ಲಿ ಬೈಬ್ಯಾಕ್ ಕಳೆದ 59,200, ಲಗತ್ತಿನಲ್ಲಿ 72,000 ಎಂದಿದ್ದರೆ ಯಾವುದು ನಿಮ್ಮ ದರ ಎಂಬ ಪ್ರಶ್ನೆ ಏಳುತ್ತದೆ. ಆಹ್ವಾನದಲ್ಲಿ ‘ಮುಚ್ಚಿದ ಲಕೋಟೆ’ ಎಂದಿದ್ದರೆ ಮೇಲ್‌ನ ಗೊಡವೆಯೇ ಬೇಡ, ತೆರೆದ ದರ ಕಳಿಸಿದರೆ ತಿರಸ್ಕಾರ ಖಚಿತ ಅಂದುಕೊಳ್ಳಿ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ತೆರೆಯುವ ದಿನ ತಿಳಿಸಿ ಎಂದಿದ್ದರೆ ಹಾಗೇ ಮಾಡಿ, ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದು ಬುದ್ಧಿವಂತಿಕೆ ತೋರಬೇಡಿ. ಕೊಟ್ಟಿರುವ ವಿಳಾಸಕ್ಕೆ ಮಾತ್ರ ಕಳಿಸಬೇಕು. ಪರಿಚಯದ ಅಧಿಕಾರಿಗೂ ಒಂದು ಪ್ರತಿ ಇರಲಿ ಎಂಬ ಆಸೆ ನನಗೂ ಇದೆ, ಅದು ಆ ಅಧಿಕಾರಿಗೇ ಮುಜುಗರ.

ಲಗತ್ತುಗಳಲ್ಲಿ ಕೇಳಿದ್ದೆಲ್ಲ ಇರಲಿ, ಕೇಳದ್ದು ಬೇಡ. ಆಹ್ವಾನದಲ್ಲಿರುವ ಕ್ರಮದಲ್ಲೇ 01, 02 ಎಂದು ಫೈಲ್‌ಗಳಿಗೆ ಹೆಸರಿಡಿ: ದರಪಟ್ಟಿ, ಜಿಎಸ್‌ಟಿ ನೋಂದಣಿ, ಪ್ಯಾನ್, ಡೀಲರ್ ಪ್ರಮಾಣಪತ್ರ, ರದ್ದು ಮಾಡಿದ ಚೆಕ್. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ನಂತರದ ಹತ್ತು ನಿಮ್ಮ ಪ್ಯಾನ್. ಅಣ್ಣನ ಸಂಸ್ಥೆಯ ಜಿಎಸ್‌ಟಿ, ತಮ್ಮನ ಹೆಸರಿನ ಪ್ಯಾನ್ ಲಗತ್ತಿಸಿದರೆ ನೋಡುವವರಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ.

ಉದ್ಯಮ್ ಪ್ರಮಾಣಪತ್ರದ ಬಗ್ಗೆ ಮಾತ್ರ ಒಂದು ಎಚ್ಚರ. ಸಣ್ಣ ಉದ್ಯಮಗಳಿಗೆ ಇಎಂಡಿಯಿಂದ ವಿನಾಯಿತಿ ಇದೆ ಎಂದು ಕೇಳಿ, ನಮ್ಮಂಥ ಮಾರಾಟಗಾರರೂ ಅದನ್ನು ಲಗತ್ತಿಸಿ ಹಣ ಕಟ್ಟದೆ ಕೂರುತ್ತೇವೆ. 2012ರ ಸಾರ್ವಜನಿಕ ಖರೀದಿ ನೀತಿಯ ಸೌಲಭ್ಯ ಇರುವುದು ಸ್ವತಃ ತಯಾರಿಸುವ ಅಥವಾ ಸೇವೆ ಕೊಡುವ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ. ಬೇರೆಯವರು ಮಾಡಿದ ಬ್ಯಾಟರಿಯನ್ನು ತಂದು ಮಾರುವವನು ವ್ಯಾಪಾರಿ, ಆ ವಿನಾಯಿತಿ ಅವನಿಗೆ ದಕ್ಕುವುದಿಲ್ಲ. ಇಎಂಡಿ ಕೇಳಿದ್ದರೆ ಕಟ್ಟಿ, ರಸೀದಿ ಲಗತ್ತಿಸಿ.

ಕಳಿಸುವುದು ಗುರುವಾರವೇ ಆಗಲಿ. ಶುಕ್ರವಾರ 2:55ಕ್ಕೆ ಒತ್ತಿದ ಮೇಲ್, ಲಗತ್ತು ಭಾರವಾಗಿ 3:10ಕ್ಕೆ ವಾಪಸ್ ಬಂದರೆ ಯಾರ ಮೇಲೆ ಸಿಟ್ಟು ಮಾಡುತ್ತೀರಿ? ಕಳಿಸಿದ ಮೇಲೆ ಅರ್ಧ ಗಂಟೆ ಬಿಟ್ಟು ಇನ್‌ಬಾಕ್ಸ್ ನೋಡಿ. ತಪ್ಪು ಕಂಡರೆ, ಸಮಯ ಮೀರುವ ಮೊದಲು ಪೂರ್ತಿ ದಾಖಲೆಗಳೊಂದಿಗೆ ಹೊಸ ಮೇಲ್ ಹಾಕಿ, ಹಿಂದಿನದನ್ನು ಇಷ್ಟು ಗಂಟೆಗೆ ಕಳಿಸಿದ್ದೆವು, ಇದು ಅದರ ಬದಲಿಗೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಬರೀ ಒಂದು ಹಾಳೆ ಕಳಿಸಿ “ಇದನ್ನು ಸೇರಿಸಿಕೊಳ್ಳಿ” ಎಂದರೆ ಕಡತದಲ್ಲಿ ಎರಡು ದರ ಕೂರುತ್ತವೆ. ನಂತರ ಫೋನ್ ಮಾಡುವುದಾದರೆ ತಲುಪಿತೇ ಎಂದಷ್ಟೇ ಕೇಳಿ, ಬೇರೆಯವರದು ಎಷ್ಟಿದೆ ಸಾರ್ ಎಂದಲ್ಲ. ನಾವೇ ಕಡಿಮೆ ದರದವರಾಗಿ, ಕಚೇರಿ ತಾನಾಗಿ ಮಾತುಕತೆಗೆ ಕರೆದು ಇಳಿಸಲು ಕೇಳಿದರೆ, ಆಗ ಒಪ್ಪಿದ ದರವನ್ನು ಅದೇ ಉಲ್ಲೇಖ ಸಂಖ್ಯೆ ಹಾಕಿ ಸಹಿಯೊಂದಿಗೆ ಬರೆದುಕೊಟ್ಟರಾಯಿತು.