ಹೊರಗೆ ನೋಡಿ, ಆಮೇಲೆ ಒಳಗೆ

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಹಳೆಯದು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಕಂಡವರು ಅದನ್ನು ಒಪ್ಪುತ್ತಾರೆ. ನರ್ಸಿಂಗ್ ವಿದ್ಯಾರ್ಥಿಗಳು ಹಳ್ಳಿ ಪೋಸ್ಟಿಂಗ್‌ನಲ್ಲಿದ್ದಾಗ ಬರೆಯುವ ಪ್ರತಿಫಲನದ ಪುಟಗಳನ್ನು ಓದುವಾಗ ಮಾತ್ರ ನನಗೆ ಇದನ್ನು ತಿರುಗಿಸಿ ಹೇಳಬೇಕೆನಿಸುತ್ತದೆ. ಅವರು ಬಹುಬೇಗ ಒಳಗೆ ಹೊಕ್ಕುಬಿಡುತ್ತಾರೆ. ಹೊರಗೆ ನಡೆದದ್ದೇನೆಂದು ಇನ್ನೂ ನೋಡಿರುವುದೇ ಇಲ್ಲ.

ಈ ಬರಹಕ್ಕೆ ಹೆಚ್ಚಾಗಿ ಬಳಸುವ ಚೌಕಟ್ಟು ಗ್ರಹಾಂ ಗಿಬ್ಸ್ ಅವರದು. ಅವರು ನರ್ಸ್ ಅಲ್ಲ, ಶಿಕ್ಷಣದ ವಿದ್ವಾಂಸರು. 1988ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಾಲಿಟೆಕ್ನಿಕ್‌ನಿಂದ ಬಂದ ಅವರ ಪುಸ್ತಕದಲ್ಲಿದ್ದ ಚಕ್ರವನ್ನು ನರ್ಸಿಂಗ್ ಲೋಕ ತನ್ನದಾಗಿಸಿಕೊಂಡಿತು. ಏನಾಯಿತು, ಆಗ ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ, ಯಾಕೆ ಹಾಗಾಯಿತು, ಏನು ಕಲಿತೆ, ಮುಂದೆ ಏನು ಮಾಡುವೆ, ಹೀಗೆ ಆರು ಹೆಜ್ಜೆ. ಜನ ಮೆಚ್ಚುವುದು ನಾಲ್ಕನೆಯ ವಿಶ್ಲೇಷಣೆಯನ್ನು. ನನ್ನ ಲೆಕ್ಕದಲ್ಲಿ ಕಷ್ಟದ್ದು ಮೊದಲನೆಯದು. ಅಲ್ಲಿ ನುಸುಳಿದ ಸುಳ್ಳು ಕೊನೆಯ ಹೆಜ್ಜೆಯವರೆಗೂ ಬೆನ್ನು ಬಿಡುವುದಿಲ್ಲ.

ಒಂದು ಪ್ರಸಂಗ ಇಟ್ಟುಕೊಳ್ಳೋಣ. ಉಜ್ಜಿನಿ ಕಡೆಯ ಒಂದು ಹಳ್ಳಿ, ಆರು ತಿಂಗಳ ಗರ್ಭಿಣಿ. ಹಿಂದಿನ ತಿಂಗಳು ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.4 ಗ್ರಾಂ ಎಂದು ಬರೆದಿತ್ತು, ಈ ತಿಂಗಳು 8.3. ಗರ್ಭಿಣಿಗೆ 11 ಇರಬೇಕು. ದಿನಕ್ಕೆ ಎರಡು ಕೆಂಪು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ. ವಿದ್ಯಾರ್ಥಿನಿ ಮನೆ ಭೇಟಿಗೆ ಹೋಗಿ ಬಂದು ಹೀಗೆ ಬರೆಯುತ್ತಾಳೆ: ‘ತಾಯಿಗೆ ಅರಿವಿನ ಕೊರತೆ ಇತ್ತು. ಮಾತ್ರೆಯ ಮಹತ್ವ ತಿಳಿಸಿದೆ. ಒಪ್ಪಿಕೊಂಡರು. ನನಗೆ ಸಂತೋಷವಾಯಿತು. ಮುಂದೆಯೂ ಆರೋಗ್ಯ ಶಿಕ್ಷಣ ನೀಡುವೆನು.’

ಆರೂ ಹೆಜ್ಜೆ ತುಂಬಿದಂತೆ ಕಾಣುತ್ತದೆ, ಅಂಕವೂ ಬೀಳುತ್ತದೆ. ಆದರೆ ‘ಅರಿವಿನ ಕೊರತೆ’ ಎಂಬುದು ಕಣ್ಣಿಗೆ ಕಂಡದ್ದಲ್ಲ, ಕೊಟ್ಟ ತೀರ್ಪು. ವಿವರಣೆಯ ಜಾಗದಲ್ಲಿ ತೀರ್ಪು ಕೂತರೆ ಮುಂದಿನ ಹೆಜ್ಜೆಗಳಿಗೆ ಕೆಲಸವೇ ಉಳಿಯುವುದಿಲ್ಲ. ಕೊರತೆ ಅರಿವಿನದು ಎಂದಾದಮೇಲೆ ಮದ್ದು ಭಾಷಣವೇ.

ಅದೇ ಪುಟ ಮತ್ತೆ ಬರೆಯಲು ಕೂತವಳಿಗೆ ನಾನು ಕೇಳುವುದು ಸಣ್ಣ ಸಣ್ಣ ಪ್ರಶ್ನೆ. ನೀನು ನಿಂತಿದ್ದೆಯೋ ಕೂತಿದ್ದೆಯೋ? ಏನೆಂದು ಕೇಳಿದೆ, ಅದೇ ಮಾತಿನಲ್ಲಿ ಹೇಳು. ಉತ್ತರ ಕೊಟ್ಟವರು ಯಾರು? ಮಾತ್ರೆ ಎಲ್ಲಿತ್ತು? ಆಗ ಬೇರೆ ಚಿತ್ರ ಏಳುತ್ತದೆ. ಬಾಗಿಲಲ್ಲೇ ನಿಂತು ‘ಮಾತ್ರೆ ನುಂಗ್ತಾ ಇದೀರಾ?’ ಎಂದು ಕೇಳಿದ್ದಳು. ಒಳಗಿನಿಂದ ಅತ್ತೆ ‘ನುಂಗ್ತಾಳ ಬಿಡವ್ವ’ ಅಂದಿದ್ದರು. ಸೊಸೆ ಬಾಯಿ ತೆರೆದಿರಲೇ ಇಲ್ಲ. ಕೆಂಪು ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗೂಡಿನಲ್ಲಿದ್ದವು. ಸ್ಟ್ರಿಪ್ ಎಷ್ಟು ಖಾಲಿಯಾಗಿದೆ ಎಂದು ಇವಳು ಎಣಿಸಿರಲಿಲ್ಲ.

ಇಷ್ಟು ಬರೆದ ಮೇಲೆ ಅವಳಿಗೇ ಗೊತ್ತಾಗುತ್ತದೆ: ಆ ಹೆಂಗಸಿನ ಬಗ್ಗೆ ತನಗೆ ತಿಳಿದದ್ದು ಏನೂ ಇಲ್ಲ. ಮರುದಿನ ಮತ್ತೆ ಹೋಗುತ್ತಾಳೆ. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು, ‘ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನ್ ತಿಂದ್ರಿ ಅಕ್ಕ, ಮಾತ್ರೆ ಯಾವಾಗ ತಗೊಂಡ್ರಿ?’ ಎಂದು ಕೇಳುತ್ತಾಳೆ. ‘ಕೂಲಿಗೆ ಹೊಂಡೋ ಮುಂಚೆ ಚಾ ಕುಡದು ಎಲ್ಲಾ ಒಮ್ಮೆಲೇ ನುಂಗಿಬಿಡ್ತೀನ್ರಿ. ಹೊಟ್ಟಿ ತೊಳಸಿದಂಗಾಗ್ತೈತಿ, ಅದಕ್ಕ ಒಂದೊಂದ್ ದಿನ ಬಿಡ್ತೀನಿ. ಕರ್ರಗ ಬ್ಯಾರೆ ಹೋಗ್ತೈತಿ, ಅಂಜಿಕಿ ಬರ್ತೈತಿ.’

ಈಗ ವಿಶ್ಲೇಷಣೆಗೆ ನೆಲ ಸಿಕ್ಕಿತು. ಚಹಾದ ಒಗರು ಕಬ್ಬಿಣಾಂಶವನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಕ್ಯಾಲ್ಸಿಯಂ ಕೂಡ ಅದು ಮೈಗೂಡಲು ಅಡ್ಡಿ ಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಬರೀ ಹೊಟ್ಟೆಯಲ್ಲಿ ನುಂಗಿದರೆ ಹಲವರಿಗೆ ವಾಕರಿಕೆ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅಪಾಯವಿಲ್ಲ. ಅಂದರೆ ಇಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ. ಕೆಲವು ದಿನ ಮಾತ್ರೆ ಹೊಟ್ಟೆಗೇ ಹೋಗುತ್ತಿಲ್ಲ, ಹೋದ ದಿನ ರಕ್ತಕ್ಕೆ ಸರಿಯಾಗಿ ಸೇರುತ್ತಿಲ್ಲ. ‘ಮಾತ್ರೆಯ ಮಹತ್ವ’ದ ಭಾಷಣ ಎರಡನ್ನೂ ಮುಟ್ಟುವುದಿಲ್ಲ. ಹೌದು-ಇಲ್ಲ ಉತ್ತರದ ಪ್ರಶ್ನೆಯನ್ನು ಅತ್ತೆಯ ಎದುರಿಗೆ ಕೇಳಿದರೆ ಯಾವ ಸೊಸೆ ಇಲ್ಲ ಎನ್ನುತ್ತಾಳೆ?

ಎರಡನೆಯ ಹೆಜ್ಜೆ ಭಾವನೆಯದು. ಅಲ್ಲಿ ‘ಬೇಸರವಾಯಿತು’, ‘ಕನಿಕರ ಬಂತು’ ಎಂಬ ಸಿದ್ಧ ಮಾತುಗಳೇ ಹೆಚ್ಚು. ಮಧ್ಯಾಹ್ನದ ಬಿಸಿಲು, ಇನ್ನೂ ಬರೆಯಬೇಕಾದ ಕುಟುಂಬಗಳ ಪಟ್ಟಿ, ಬೇಗ ಮುಗಿಸಿ ಬಸ್ಸು ಹಿಡಿಯುವ ಆತುರ, ಇವನ್ನು ಯಾರೂ ಬರೆಯುವುದಿಲ್ಲ. ಆದರೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಆ ಆತುರವೇ. ಕೆಲಸದ ಮೇಲೆ ಪರಿಣಾಮ ಮಾಡಿದ ಭಾವನೆಗೆ ಈ ಪುಟದಲ್ಲಿ ಜಾಗ ಬೇಕು, ಮಿಕ್ಕದ್ದು ಡೈರಿಗಾಯಿತು.

ಈ ಪುಟಗಳಿಗೆ ಅಂಕ ಕೊಡುವ ನಮ್ಮ ಪದ್ಧತಿಯಲ್ಲೇ ಒಂದು ಕೇಡಿದೆ. ಪಶ್ಚಾತ್ತಾಪಕ್ಕೆ ಅಂಕವೆಂದು ತಿಳಿದರೆ ಮಕ್ಕಳು ಮಾಡದ ತಪ್ಪನ್ನೂ ಮಾಡಿದೆನೆಂದು ಬರೆಯುತ್ತಾರೆ. ತಪ್ಪಿಗೆ ಶಿಕ್ಷೆಯೆಂದು ಹೆದರಿದರೆ ಆದದ್ದನ್ನೂ ಮುಚ್ಚುತ್ತಾರೆ. ಯಾರೆಂದು ತಿಳಿಸಿಬಿಡುವ ಹೆಸರು, ಊರು, ಮನೆಯ ಗುರುತು ಬರೆಯದಿರುವುದನ್ನಂತೂ ಮೊದಲ ದಿನವೇ ಕಲಿಸಬೇಕು. ಸಣ್ಣ ಹಳ್ಳಿಯಲ್ಲಿ ‘ಗುಡಿ ಹಿಂದಿನ ಮನೆ’ ಎಂದರೂ ಯಾರೆಂದು ತಿಳಿಯುತ್ತದೆ. ನನಗೆ ಬಿಟ್ಟರೆ ಭಾವನೆಗೆ ಅಂಕವನ್ನೇ ಇಡುವುದಿಲ್ಲ. ಯೋಜನೆ ನಡೆಯಿತೇ ಎಂದಷ್ಟೇ ನೋಡುತ್ತೇನೆ.

ನಡೆಯಿತೇ ಎಂದು ನೋಡಲು ಸಾಧ್ಯವಾಗಬೇಕಾದರೆ ಯೋಜನೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಸಂವಹನ ಕೌಶಲ ಹೆಚ್ಚಿಸಿಕೊಳ್ಳುವೆ’ ಎಂಬುದನ್ನು ಯಾರು ಅಳೆಯಬಲ್ಲರು? ಅವಳು ತಿದ್ದಿ ಬರೆದದ್ದು ಹೀಗಿತ್ತು: ‘ಮುಂದಿನ ಮನೆಯಲ್ಲಿ ಕೂತು, ಗರ್ಭಿಣಿಯನ್ನೇ ಕೇಳುವೆ. ಸ್ಟ್ರಿಪ್ ತೆಗೆಸಿ ಎಣಿಸುವೆ. ಕೆಂಪು ಮಾತ್ರೆಯ ಎರಡೂ ಹೊತ್ತನ್ನು ಚಹಾ, ಕ್ಯಾಲ್ಸಿಯಂನಿಂದ ದೂರವಿಟ್ಟು ಅವರ ದಿನಚರಿಗೇ ಹೊಂದಿಸುವೆ, ಒಂದನ್ನು ರಾತ್ರಿ ಮಲಗುವಾಗ. ಚೀಲ ಎರಡು ಮಾಡುವೆ. ಮಲ ಕಪ್ಪಾಗುವ ಮಾತನ್ನು ಅವರು ಕೇಳುವ ಮೊದಲೇ ಹೇಳುವೆ.’ ಇದರಲ್ಲಿ ಪ್ರತಿ ಸಾಲಿಗೂ ಮೊದಲ ಹೆಜ್ಜೆಯ ಒಂದು ಸಾಲು ಮೂಲ.

ಇಷ್ಟಾದರೂ ನನಗೊಂದು ತಕರಾರು ಉಳಿಯುತ್ತದೆ. ಈ ಚಕ್ರ ಕಲಿಯುವವಳಿಗಾಗಿ ಮಾಡಿದ್ದು. ಯೋಜನೆ ಅವಳೊಂದಿಗೆ ಬಸ್ಸು ಹತ್ತಿ ಮುಂದಿನ ಪೋಸ್ಟಿಂಗ್‌ಗೆ ಹೋಗುತ್ತದೆ, 8.3ರ ಹೆಂಗಸು ಹಳ್ಳಿಯಲ್ಲೇ ಇರುತ್ತಾಳೆ. ಮಾತ್ರೆ ಸರಿಯಾಗಿ ಸೇರಿದರೆ ತಿಂಗಳಿಗೆ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆಯಿರಬಹುದು, ವೈದ್ಯರು ನೋಡಬೇಕು. 7ಕ್ಕಿಂತ ಇಳಿದರೆ ತಡಮಾಡದೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಆ ತಿಂಗಳು ತುಂಬುವ ಹೊತ್ತಿಗೆ ವಿದ್ಯಾರ್ಥಿನಿ ಅಲ್ಲಿರುವುದಿಲ್ಲ. ಆದ್ದರಿಂದ ಯೋಜನೆಯ ಕೊನೆಗೆ ನಾನು ಇನ್ನೊಂದು ಸಾಲು ಸೇರಿಸಲು ಹೇಳುತ್ತೇನೆ: ಹೊರಡುವ ಮುನ್ನ ಯಾರಿಗೆ ಒಪ್ಪಿಸಿದೆ? ಆಶಾ ಕಾರ್ಯಕರ್ತೆಗೋ, ಉಪಕೇಂದ್ರದ ಸಿಸ್ಟರ್‌ಗೋ, ಯಾವ ದಿನ ಮತ್ತೆ ರಕ್ತ ಪರೀಕ್ಷೆಯೆಂದು ಹೇಳಿ ಬಂದೆ? ಗಿಬ್ಸ್ ಅವರ ಚಕ್ರದಲ್ಲಿ ಈ ಪ್ರಶ್ನೆಗೆಂದೇ ಒಂದು ಹೆಜ್ಜೆಯಿಲ್ಲ. ಮಾದರಿಯ ಪುಟದಲ್ಲಿ ಅಂಚು ಬಿಟ್ಟಿರುತ್ತಾರಲ್ಲ, ಅಲ್ಲಿ ಬರೆದರೂ ನಡೆಯುತ್ತದೆ.