ಹೋರಿಯ ಮುಂದೆ ನಿಂತ ಕ್ಯಾಮರಾ

ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಸ್ಟುಡಿಯೋ ಬೋರ್ಡುಗಳನ್ನೂ ಇನ್‌ಸ್ಟಾಗ್ರಾಂ ಪುಟಗಳನ್ನೂ ಓದುತ್ತಾ ಹೋಗಿ: ಮದುವೆ, ನಾಮಕರಣ, ಪ್ರೀವೆಡ್ಡಿಂಗ್, ಡ್ರೋನ್, ಆಲ್ಬಂ. ಹೆಸರುಗಳನ್ನು ಅದಲುಬದಲು ಮಾಡಿಟ್ಟರೂ ಯಾರಿಗೂ ಗೊತ್ತಾಗದು. ವ್ಯತ್ಯಾಸ ಕಾಣದ ಗಿರಾಕಿಗೆ ಕೇಳಲು ಉಳಿಯುವುದು ರೇಟು ಮಾತ್ರ.

*

ಮೇಲುಕೋಟೆಯ ರಾಯಗೋಪುರದ ಕಂಬಗಳ ನಡುವೆ ಜೋಡಿ ನಿಲ್ಲಿಸಿ ತೆಗೆದ ಚಿತ್ರ ಚೆನ್ನಾಗಿಯೇ ಇರುತ್ತದೆ. ನಾಳೆ ಅದೇ ಕಂಬದ ಹತ್ತಿರ ಇನ್ನೊಬ್ಬ ನಿಲ್ಲುತ್ತಾನೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ತೆಗೆದ ಕೊಕ್ಕರೆಗಳೂ ಹೀಗೆಯೇ, ಒಂದರ ಹಾಗೆ ಇನ್ನೊಂದು. ಒಳ್ಳೆಯ ಜಾಗ ಗೊತ್ತಿರುವುದು ವಿಶೇಷತೆಯಲ್ಲ. ಅಲ್ಲಿಗೆ ಬಸ್ಸು ಹೋಗುತ್ತದೆ.

*

ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಕಂಬದಹಳ್ಳಿಯ ಬಸದಿ. ಇವನ್ನು ಬಿಟ್ಟು ಬೇರೇನೂ ತೆಗೆಯಲಾರೆ ಎನ್ನುವ ಹುಡುಗರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ದೇವಸ್ಥಾನ ಫೋನ್ ಮಾಡಿ ಬುಕ್ ಮಾಡುವುದಿಲ್ಲ. ಪ್ರೀತಿಯ ವಿಷಯವೇ ಬೇರೆ, ಕಸುಬಿನ ಸಣ್ಣ ದಾರಿಯೇ ಬೇರೆ. ಎರಡನೆಯದರ ತುದಿಯಲ್ಲಿ ದುಡ್ಡು ಕೊಡುವ ಮನುಷ್ಯನೊಬ್ಬ ನಿಂತಿರಬೇಕು. ಅವನು ಮುಂದಿನ ವರ್ಷವೂ ಬರಬೇಕು. ಅವನಂಥವರು ಒಂದೆಡೆ ಸೇರಿ ಪರಸ್ಪರ ಮಾತಾಡಬೇಕು.

*

ಕ್ಯಾಮರಾ ಹಿಡಿದವರೆಲ್ಲ ಹುಲಿಯ ಬೆನ್ನು ಹತ್ತಿದ್ದಾಗ ಮೈಸೂರಿನ ಕೃಪಾಕರ–ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದರು. ಯಾರಿಗೂ ಬೇಡದ ಪ್ರಾಣಿ ಅದು. ಆ ಕೆಲಸದಿಂದ ಹುಟ್ಟಿದ ‘ದಿ ಪ್ಯಾಕ್’ಗೆ 2010ರಲ್ಲಿ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಬಂತು. ಕಾಡುನಾಯಿ ಎಂದರೆ ಇವರೇ ಎಂದು ಜನ ಹೇಳಲು ಕಾರಣ ಕ್ಯಾಮರಾ ಅಲ್ಲ; ಆ ಹಿಂಡಿನ ನಡೆನುಡಿ ಅವರಿಗೆ ಗೊತ್ತಿದ್ದದ್ದು.

*

ನಮ್ಮ ಸೀಮೆಯಲ್ಲಿ ಕ್ಯಾಮರಾದವರ ಕಣ್ಣಿಗೆ ಬೀಳದ ಅಂಥ ಪ್ರಾಣಿ ಕೊಟ್ಟಿಗೆಯಲ್ಲೇ ಇದೆ. ಹಳ್ಳಿಕಾರ್.

*

ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನದ ಜಾತ್ರೆಗೆ ಹೋಗಿ ನಿಂತುಕೊಳ್ಳಿ. ಶಾಮಿಯಾನ ಹಾಕಿ, ಹೋರಿಗೆ ಹೂವು ಕಟ್ಟಿ, ಜೊತೆಗೆ ಮೆರವಣಿಗೆ ಬೇರೆ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವ ದಲ್ಲಾಳಿಯ ಜೇಬಿನಲ್ಲೂ ಈಗ ವಾಟ್ಸಾಪ್ ಇದೆ. ಲಕ್ಷಗಳಲ್ಲಿ ಬೆಲೆ ಬಾಳುವ ಜೋಡಿಯ ಚಿತ್ರವನ್ನು ಮಾತ್ರ ಮಗನ ಮೊಬೈಲಿನಲ್ಲಿ, ಎದುರು ಬಿಸಿಲಿನಲ್ಲಿ, ಅರ್ಧ ಕಾಲು ಕತ್ತರಿಸಿ ತೆಗೆದಿರುತ್ತಾರೆ. ತೆರವಾಗಿರುವ ಜಾಗ ಎಂದರೆ ಇದೇ: ಹಣ ಓಡಾಡುತ್ತಿದೆ, ಚಿತ್ರ ಕೆಟ್ಟದಾಗಿದೆ.

*

ಮೊಬೈಲನ್ನು ಹತ್ತಿರ ಹಿಡಿದರೆ ಅದರ ಅಗಲ ಲೆನ್ಸು ಮುಖವನ್ನು ದೊಡ್ಡದು ಮಾಡಿ ಹಿಂಭಾಗವನ್ನು ಕುಗ್ಗಿಸುತ್ತದೆ. ಉದ್ದಬೆನ್ನಿನ ಹೋರಿ ಗಿಡ್ಡವಾಗಿ ಕಾಣುತ್ತದೆ. ಸಾಕಿದವನಿಗೆ ಹೊಟ್ಟೆ ಉರಿಯುತ್ತದೆ. ದೂರ ಸರಿದು 100 ಮಿ.ಮೀ.ಗಿಂತ ಉದ್ದದ ಲೆನ್ಸಿನಲ್ಲಿ, ಕ್ಯಾಮರಾವನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಸರಿಯಾಗಿ ಪಕ್ಕದಿಂದ ತೆಗೆಯಬೇಕು. ನಾಲ್ಕೂ ಕಾಲು ಕಾಣಬೇಕು, ಗೊರಸು ಹುಲ್ಲಿನಲ್ಲಿ ಮುಳುಗಬಾರದು. ಬಿಳಿಬೂದು ಮೈಯನ್ನು ಕ್ಯಾಮರಾ ತಾನಾಗಿ ಮಂಕು ಮಾಡುತ್ತದೆ. ಬೆಳಕು ಸ್ವಲ್ಪ ಏರಿಸಿದರೆ ಮೈಬಣ್ಣ ನಿಜಕ್ಕೆ ಬರುತ್ತದೆ. ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಹಿಂದೆ ಮರದ ಕೊಂಬೆ ಇರಕೂಡದು. ಒಬ್ಬ ಸಹಾಯಕ ಎದುರು ನಿಂತು ಸದ್ದು ಮಾಡಿದರೆ ಕಿವಿ ನಿಮಿರುತ್ತದೆ, ತಲೆ ಏಳುತ್ತದೆ. ಕ್ಲಿಕ್ ಮಾಡುವ ಹೊತ್ತು ಅದು.

*

ಇಷ್ಟನ್ನು ಯಾವ ಛಾಯಾಗ್ರಾಹಕನಾದರೂ ಒಂದು ಬೆಳಿಗ್ಗೆಯಲ್ಲಿ ಕಲಿತಾನು. ಕೊಳ್ಳುವವನು ಏನು ಹುಡುಕುತ್ತಾನೆ ಎಂಬುದನ್ನು ಕಲಿಯುವುದಕ್ಕೆ ಜಾತ್ರೆಗಳು ಬೇಕು. ಅವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ. ಆಮೇಲೆ ಸುಳಿ ನೋಡುತ್ತಾನೆ. ಸುಳಿಯಲ್ಲಿ ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಬೆಲೆ ಅದನ್ನು ನಂಬುತ್ತದೆ. ‘ಬೆನ್ನು ಚೆನ್ನಾಗ್ ಬಂದೈತೆ, ಸುಳಿ ಎಲ್ಲಪ್ಪಾ?’ ಎಂದು ಕೇಳುವ ಹಿರಿಯರ ಮುಂದೆ ಚಿತ್ರದ ಸೊಗಸು ಸಾಲದು.

*

ಈಗ ಬೋರ್ಡಿನ ಮಾತಿಗೆ ಬರೋಣ. ‘ಎಲ್ಲ ರೀತಿಯ ಫೋಟೋಗ್ರಫಿ’ ಎಂಬುದು ಯಾರನ್ನೂ ಕರೆಯುವುದಿಲ್ಲ. ‘ಜಾನುವಾರು ಛಾಯಾಗ್ರಹಣ’ ಎಂದರೆ ತುಸು ಹತ್ತಿರ, ಆದರೆ ನಾಳೆ ಪಕ್ಕದವನೂ ಬರೆದುಕೊಳ್ಳಬಲ್ಲ. ಹೀಗೆ ಬರೆದು ನೋಡಿ: ‘ಹಳ್ಳಿಕಾರ್ ಸಾಕುವವರಿಗೆ: ಕೊಳ್ಳುವವರು ಊರು ಬಿಡುವ ಮೊದಲೇ ನೋಡಬೇಕಾದ ಐದು ಚಿತ್ರ. ಪಕ್ಕ, ಎದುರು, ಹಿಂದು, ಹಲ್ಲು, ಸುಳಿ. ನಿಮ್ಮ ಕೊಟ್ಟಿಗೆಗೇ ಬಂದು ತೆಗೆದು, ಮಾರನೆಯ ದಿನ ವಾಟ್ಸಾಪಿಗೆ. ಬಣ್ಣ, ಕೊಂಬು, ಗಾಯ ಯಾವುದನ್ನೂ ತಿದ್ದುವುದಿಲ್ಲ.’ ಯಾರಿಗೆ, ಅವರ ಯಾವ ತೊಂದರೆಗೆ, ಏನು ಕೈಗೆ ಸಿಗುತ್ತದೆ, ಏನನ್ನು ಮಾಡುವುದಿಲ್ಲ: ನಾಲ್ಕೂ ಬಂದವು.

*

ಬೋರ್ಡಿನ ಕೊನೆಯ ವಾಕ್ಯವೇ ಬಂಡವಾಳ. ಮಾರುವವನು ದುಡ್ಡು ಕೊಡುತ್ತಾನೆ, ಕೊಳ್ಳುವವನು ನಂಬುತ್ತಾನೆ. ಒಂದೇ ಒಂದು ಹೋರಿಯ ಮೈಮೇಲಿನ ಗಾಯವನ್ನು ಫೋಟೋಶಾಪಿನಲ್ಲಿ ಅಳಿಸಿದರೂ ಸುದ್ದಿ ಜಾತ್ರೆಯಿಂದ ಜಾತ್ರೆಗೆ ನಡೆಯುತ್ತದೆ.

*

ಬೋರ್ಡಿನ ಸಾಲು ಸರಿಯಾಗಿದೆಯೇ ಎಂದು ತಿಳಿಯಲು ನಿಮ್ಮ ಹೆಸರು ಮುಚ್ಚಿ ಪಕ್ಕದ ಸ್ಟುಡಿಯೋ ಹೆಸರು ಬರೆಯಿರಿ. ಹೊಂದಿಕೊಂಡರೆ ಹರಿದುಹಾಕಿ. ಇನ್ನೊಂದು ಪರೀಕ್ಷೆ ಗಟ್ಟಿಯಾದದ್ದು: ಒಬ್ಬ ರೈತ ಮತ್ತೊಬ್ಬನಿಗೆ ನಿಮ್ಮನ್ನು ಹೇಗೆ ಹೇಳುತ್ತಾನೆ? ‘ಹಲ್ಲು, ಸುಳಿ ಎಲ್ಲಾ ತೆಗೀತಾನಲ್ಲ, ಆ ಹುಡ್ಗ’ ಎಂದರೆ ನೀವು ಬರೆದದ್ದು ತಲುಪಿದೆ. ‘ಒಬ್ಬ ಫೋಟೋದೋನು’ ಎಂದರೆ ಇಲ್ಲ.

*

ಇನ್‌ಸ್ಟಾಗ್ರಾಂ ಪುಟದಲ್ಲಿ ಒಂಬತ್ತು ಚಿತ್ರ ಕಂಡರೆ ಒಂಬತ್ತೂ ಹೋರಿ, ಹಸು, ಜೋಡಿಯೇ ಆಗಿರಲಿ. ನಡುವೆ ಒಂದು ಮದುಮಗಳು ಬಂದರೂ ನೋಡುವವನಿಗೆ ಅನುಮಾನ. ಮದುವೆಗೆ ಇನ್ನೊಂದು ಪುಟ ತೆರೆಯಿರಿ. ಮುಚ್ಚಿ ಎಂದು ನಾನು ಹೇಳಲಾರೆ. ಯಾಕೆಂದರೆ ಲೆಕ್ಕ ಬೇರೆ ಹೇಳುತ್ತದೆ.

*

ಲೆಕ್ಕ ಹೀಗೆ. ಒಂದು ಜೋಡಿ ಹೋರಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಜಾತ್ರೆಯ ನಾಲ್ಕು ತಿಂಗಳಲ್ಲಿ 60 ಜೋಡಿ ಸಿಕ್ಕರೆ 1,20,000. ವರ್ಷಕ್ಕೆ ಹಂಚಿದರೆ ತಿಂಗಳಿಗೆ 10,000, ಅದರಲ್ಲಿ ಪೆಟ್ರೋಲು, ಸಹಾಯಕನ ಕೂಲಿ. ಸಂಸಾರ ನಡೆಯದು. ಆದರೆ ಹೋರಿಯನ್ನು ಮರ್ಯಾದೆಯಿಂದ ತೆಗೆದವನನ್ನು ಆ ಮನೆಯವರು ಮಗಳ ಮದುವೆಗೂ ಕರೆಯುತ್ತಾರೆ, ಅಲ್ಲಿ ಚೌಕಾಸಿ ಕಡಿಮೆ. ಸಣ್ಣ ದಾರಿ ಹೆಸರು ತರುತ್ತದೆ, ಮದುವೆ ಅಕ್ಕಿ ತರುತ್ತದೆ. ಇದನ್ನು ಮೊದಲೇ ಹೇಳದೆ ‘ಒಂದೇ ವಿಷಯ ಹಿಡಿಯಿರಿ’ ಎಂದು ಉಪದೇಶಿಸುವವರು ಯಾರೂ ಬಾಡಿಗೆ ಕಟ್ಟಿದವರಲ್ಲ ಎಂದು ನನಗೆ ಗುಮಾನಿ.

*

2022ರ ಕೊನೆಯಲ್ಲಿ ಚರ್ಮಗಂಟು ರೋಗ ಹಬ್ಬಿ ದನದ ಜಾತ್ರೆಗಳಿಗೆ ನಿಷೇಧ ಬಿತ್ತು. ಜಾತ್ರೆಯನ್ನೇ ನಂಬಿದ್ದರೆ ಅಂಥ ವರ್ಷ ಇಡೀ ಹಂಗಾಮು ಹೋಗುತ್ತದೆ. ಬೋರ್ಡಿನಲ್ಲಿ ‘ಜಾತ್ರೆ’ ಎಂದು ಬರೆಯದೆ ‘ಕೊಟ್ಟಿಗೆಗೇ ಬಂದು’ ಎಂದು ಬರೆದದ್ದು ಅದಕ್ಕೇ. ಅದಕ್ಕೂ ಮಿತಿ ಉಂಟು: ರೋಗದ ಕಾಲದಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡುವವನನ್ನು ಯಾವ ರೈತನೂ ಒಳಗೆ ಬಿಡಬಾರದು.

*

ಒಂದು ಹಂಗಾಮು ಕಳೆದ ಮೇಲೆ ಬಂದ ಫೋನುಗಳನ್ನು ನೆನಪಿಸಿಕೊಳ್ಳಿ. ‘ಎಷ್ಟು ತಗೊಳ್ತೀರಾ?’ ಎಂದೇ ಎಲ್ಲರೂ ಶುರು ಮಾಡಿದ್ದರೆ ಬೋರ್ಡಿನ ಸಾಲನ್ನು ಮತ್ತೆ ಬರೆಯಬೇಕು. ‘ನಮ್ ಹೋರಿ ಎರಡ್ ಹಲ್ಲಿಗೆ ಬಂದೈತೆ, ಯಾವಾಗ ಬರ್ತೀರಾ?’ ಎಂದು ಕೇಳಿದವರು ಅರ್ಧದಷ್ಟಾದರೂ ಇದ್ದರೆ, ಮುಂದಿನ ವರ್ಷ ಜೋಡಿಗೆ 500 ರೂಪಾಯಿ ಏರಿಸಿ ನೋಡಬಹುದು.