ಸೊನ್ನೆ ಬಡ್ಡಿಯ ಕಾರೂ ನಗದು ರಿಯಾಯಿತಿಯೂ



ಪ್ರವಾದಿವರ್ಯರು(ಸ) ಒಮ್ಮೆ ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈ ಹಾಕಿ ನೋಡಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ಅವರು ಆ ವ್ಯಾಪಾರಿಯನ್ನು ಕೇಳಿದರು. ಕಾರಿನ ಶೋರೂಂನಲ್ಲಿ "ಶೇಕಡಾ ಸೊನ್ನೆ ಬಡ್ಡಿ" ಎಂಬ ಫಲಕ ಕಂಡಾಗಲೂ ಒಳಗೆ ಕೈ ಹಾಕಿ ನೋಡುವುದು ನಮ್ಮ ಕರ್ತವ್ಯ.

ಒಂದು ಲೆಕ್ಕ ಮಾಡೋಣ. ಕಾರಿನ ಬೆಲೆ 9,00,000 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ತಿ ಹಣ ಕೊಟ್ಟರೆ 45,000 ರೂಪಾಯಿ ರಿಯಾಯಿತಿ. ಆಗ ನೀವು ಕೊಡುವುದು 8,55,000. ಸೊನ್ನೆ ಬಡ್ಡಿಯ ಯೋಜನೆಯಲ್ಲಿ ರಿಯಾಯಿತಿ ಇಲ್ಲ. ಮುಂಗಡ 3,00,000, ಉಳಿದ 6,00,000 ರೂಪಾಯಿಗೆ ತಿಂಗಳಿಗೆ 25,000ದಂತೆ 24 ಕಂತು, ಜೊತೆಗೆ ಕಡತದ ಶುಲ್ಕವೆಂದು 6,000. ಒಟ್ಟು 9,06,000. ಬಡ್ಡಿಯ ಹೆಸರೇ ಇಲ್ಲದೆ 51,000 ರೂಪಾಯಿ ಹೆಚ್ಚಾಯಿತು.

ಈ 51,000 ಯಾವುದರ ಬೆಲೆ? ನಗದು ಕೊಡುವವನಿಗಿಂತ ನೀವು ಮೊದಲ ದಿನ 5,49,000 ಕಡಿಮೆ ಕೊಟ್ಟಿರಿ. ಆ ಹಣ ನಿಮ್ಮ ಬಳಿ ಉಳಿದುದಕ್ಕೆ ಇದು ಬೆಲೆ. ಇಲ್ಲಿ ಹಲವರು ಎಡವುತ್ತಾರೆ. ಐದೂವರೆ ಲಕ್ಷಕ್ಕೆ ಎರಡು ವರ್ಷದಲ್ಲಿ 51,000 ಎಂದರೆ ವರ್ಷಕ್ಕೆ ಶೇಕಡಾ ನಾಲ್ಕೂವರೆ ತಾನೇ ಎನ್ನುತ್ತಾರೆ. ಆದರೆ ಆ ಹಣ ಎರಡು ವರ್ಷವೂ ಪೂರ್ತಿಯಾಗಿ ನಿಮ್ಮಲ್ಲಿರುವುದಿಲ್ಲ. ಪ್ರತಿ ತಿಂಗಳೂ ಕಂತಿನೊಂದಿಗೆ ಕರಗುತ್ತದೆ. ಸರಾಸರಿ ನೋಡಿದರೆ ನಿಮ್ಮ ಕೈಯಲ್ಲಿರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 2,86,000. ಅದಕ್ಕೆ ವರ್ಷಕ್ಕೆ 25,500 ಎಂದರೆ ದರವು ಶೇಕಡಾ 9ರ ಹತ್ತಿರಕ್ಕೆ ಬರುತ್ತದೆ. ರಿಯಾಯಿತಿ 45,000ದ ಬದಲು 10,000 ಮಾತ್ರವಿದ್ದು, ಶುಲ್ಕವೂ ಇಲ್ಲದಿದ್ದರೆ ಇದೇ ಲೆಕ್ಕ ಶೇಕಡಾ 2ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ನೋಡಬೇಕಾದುದು ಸೊನ್ನೆಯನ್ನಲ್ಲ, ನಾವು ಬಿಟ್ಟುಕೊಡುವ ರಿಯಾಯಿತಿಯನ್ನು.

"ಸೊನ್ನೆ ಕಂತು ತೆಗೆದುಕೊಳ್ಳಿ, ನಿಮ್ಮ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿಡಿ" ಎಂದು ಸಲಹೆ ಕೊಡುವವರಿದ್ದಾರೆ. ಬಡ್ಡಿ ಮುಟ್ಟದವನಿಗೆ ಆ ದಾರಿ ಇಲ್ಲ. ಅವನ ಹಣ ಸುಮ್ಮನೆ ಬಿದ್ದಿದ್ದರೆ 51,000 ಬರಿಯ ನಷ್ಟ, ನಗದೇ ಅಗ್ಗ. ಆ ಹಣ ಅವನ ವ್ಯಾಪಾರದಲ್ಲಿ ದುಡಿಯುತ್ತಿದ್ದು ಎರಡು ವರ್ಷದಲ್ಲಿ 51,000ಕ್ಕಿಂತ ಹೆಚ್ಚು ಲಾಭ ತರುವುದಾದರೆ ಮಾತ್ರ ಕಂತು ಅಗ್ಗವಾದೀತು. ಲಾಭಕ್ಕೆ ಖಾತರಿಯಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ.

ಇಷ್ಟು ಬೆಲೆಯ ವಿಚಾರ. ಇನ್ನು ಧರ್ಮದ ವಿಚಾರ. ನಗದಿಗೆ ಒಂದು ಬೆಲೆ, ಕಂತಿಗೆ ಹೆಚ್ಚಿನ ಬೆಲೆ ಇಡುವುದನ್ನು ಬಹುಪಾಲು ಕರ್ಮಶಾಸ್ತ್ರ ವಿದ್ವಾಂಸರು ಅನುಮತಿಸಿದ್ದಾರೆ. ಆದರೆ ಮಾರುವವನೇ ಸಾಲ ಕೊಡುವವನಾಗಿರಬೇಕು, ಬೇರೆಯಾಗುವ ಮೊದಲೇ ಒಂದು ಬೆಲೆ ನಿಶ್ಚಯವಾಗಬೇಕು, ಗಡುವು ಮೀರಿದರೆ ಆ ಬೆಲೆ ಏರಬಾರದು. ಸೊನ್ನೆ ಬಡ್ಡಿಯ ಯೋಜನೆಯಲ್ಲಿ ಸಾಮಾನ್ಯವಾಗಿ ಕಾರು ಮಾರುವವನು ಒಬ್ಬ, ಹಣ ಕೊಡುವ ಸಂಸ್ಥೆ ಇನ್ನೊಂದು. ಆ ಸಂಸ್ಥೆಗೆ ಬರಬೇಕಾದ ಬಡ್ಡಿಯನ್ನು ಕಾರಿನ ಕಂಪೆನಿಯೋ ಮಾರಾಟಗಾರನೋ ಮೊದಲೇ ತುಂಬಿಕೊಡುತ್ತಾನೆ. ನಿಮಗೆ ಸಿಗದೆ ಹೋದ ರಿಯಾಯಿತಿ ಹೋಗುವುದು ಅಲ್ಲಿಗೇ. ಹೀಗಿರುವಾಗ ಅದು ಕಂತಿನ ವ್ಯಾಪಾರವಲ್ಲ, ಹೆಸರು ಬದಲಿಸಿದ ಬಡ್ಡಿ ಸಾಲ. 2013ರ ಸೆಪ್ಟೆಂಬರ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೂಡ, ಶೇಕಡಾ ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದು ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂಬರ್ಥದಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತ್ತು.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ ಆಜ್ಞಾಪಿಸುತ್ತದೆ. ಆದುದರಿಂದ ಶೋರೂಂನಲ್ಲಿ ಎರಡು ಬೆಲೆಪಟ್ಟಿಗಳನ್ನು ಬರಹದಲ್ಲಿ ಕೇಳಿ: ಒಂದು ನಗದಿನದು, ಒಂದು ಕಂತಿನದು. ಎರಡರಲ್ಲೂ ವಿಮೆ, ನೋಂದಣಿ, ಬಿಡಿ ಸಾಮಾನು ಒಂದೇ ಆಗಿರಲಿ. ಇಲ್ಲವಾದರೆ ಹೋಲಿಕೆ ಸುಳ್ಳಾಗುತ್ತದೆ. ಕಂತನ್ನು ಕೇಳುವ ಮೊದಲು ನಗದು ಬೆಲೆಯನ್ನು ಕಡೆಯವರೆಗೆ ಚೌಕಾಸಿ ಮಾಡಿ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ವಾರ್ಷಿಕ ದರ ತೋರಿಸುವ ಪತ್ರವೊಂದನ್ನು ಸಾಲ ಕೊಡುವವರು ನೀಡಲೇಬೇಕು. ಅದನ್ನು ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ. ನೀವು ಶೋರೂಂನಲ್ಲಿ ಬಿಟ್ಟುಕೊಟ್ಟ ರಿಯಾಯಿತಿ ಸಾಲದ ಶುಲ್ಕವಲ್ಲವಾದ್ದರಿಂದ ಆ ಪತ್ರದಲ್ಲಿ ಬರುವುದಿಲ್ಲ. ಕೊನೆಗೆ, ಕಂತು ತಪ್ಪಿದರೆ ಏನು ಎಂಬ ಕಲಮನ್ನು ಹುಡುಕಿ. ತಡವಾದುದಕ್ಕೆ ಮೊತ್ತ ಬೆಳೆಯುವುದೆಂದಿದ್ದರೆ, ಮೇಲಿನ ಸೊನ್ನೆ ಏನೇ ಹೇಳಲಿ, ನೀವು ಸಹಿ ಹಾಕುತ್ತಿರುವುದು ಬಡ್ಡಿಗೇ.

ಹಣ ಸಾಲದಿದ್ದರೆ ಕಡಿಮೆ ಬೆಲೆಯ ಕಾರನ್ನೋ ಹಳೆಯ ಕಾರನ್ನೋ ನಗದಿಗೆ ಕೊಳ್ಳಬಹುದು. ಅಲ್ಲಾಹನು ನಮ್ಮ ಸಂಪಾದನೆಯನ್ನೂ ಖರ್ಚನ್ನೂ ಶುದ್ಧವಾಗಿಡಲಿ. ಆಮೀನ್.